ಕಂಪನಿ ಮುಚ್ಚಿದ ಮೇಲೂ ಗಾಡಿ ಓಡುತ್ತಾ? ಹೊಸ ಇವಿ ಬ್ರ್ಯಾಂಡ್ ಕೊಂಡವರ ಅನುಭವ

ಕೇಳಿದವರು: ನಾಲ್ಕು ವರ್ಷದ ಹಿಂದೆ ಶುರುವಾದ ಒಂದು ಕಂಪನಿಯ ಎಲೆಕ್ಟ್ರಿಕ್ ಕಾರು ತುಂಬಾ ಹಿಡಿಸಿದೆ. ಟೆಸ್ಟ್ ಡ್ರೈವ್ ಆಯ್ತು. ನಾಳೆ ಕಂಪನಿ ಮುಚ್ಚಿದರೆ ಸರ್ವಿಸ್, ಸಾಫ್ಟ್‌ವೇರ್ ಗತಿ ಏನು ಅಂತ ಮನೆಯಲ್ಲಿ ಕೇಳ್ತಿದ್ದಾರೆ. ಅನುಭವ ಇದ್ದವರು ಹೇಳಿ.

ಖಾಲಿ ರಸ್ತೆ: ನನ್ನ ಹತ್ತಿರ ಇರೋದು ಅಂಥದ್ದೇ ಕಾರು. ಹೆಸರು ಬೇಡ ಬಿಡಿ, ಇಲ್ಲದ ಕಂಪನಿಯನ್ನು ಬೈದು ಏನು ಮಾಡೋದು. ಮೋಟರ್ ಇವತ್ತಿಗೂ ಚೆನ್ನಾಗಿದೆ, ದೊಡ್ಡ ಬ್ಯಾಟರಿಯೂ ಚೆನ್ನಾಗಿದೆ. ಕೈಕೊಟ್ಟಿದ್ದು ಬಾನೆಟ್ ಕೆಳಗಿರುವ ಚಿಕ್ಕ 12 ವೋಲ್ಟ್ ಬ್ಯಾಟರಿ.

ಕಂಪನಿ ನಿಂತು ಒಂದು ತಿಂಗಳಾಗಿತ್ತು. ಹತ್ತು ದಿನ ಪ್ರವಾಸ ಹೋಗಿ ಬಂದೆ. ಬಾಗಿಲೇ ತೆಗೆಯಲಿಲ್ಲ. ದೊಡ್ಡ ಬ್ಯಾಟರಿ ಮುಕ್ಕಾಲು ತುಂಬಿದ್ದರೂ ಬೀಗ, ಪರದೆ, ಕಂಪ್ಯೂಟರ್ ಎಲ್ಲಾ ನಡೆಯೋದು ಆ ಚಿಕ್ಕದರ ಮೇಲೆ. ಹೊಸದು ಹಾಕಿಸಿದೆ. ಎರಡನೇ ವಾರಕ್ಕೆ ಮತ್ತೆ ಅದೇ ಕಥೆ. ಎಷ್ಟೋ ಕಾರುಗಳಲ್ಲಿ ನಿಂತಿರುವಾಗಲೇ ದೊಡ್ಡ ಬ್ಯಾಟರಿ ಆಗಾಗ ಚಿಕ್ಕದನ್ನು ತುಂಬಿಸುತ್ತೆ. ನನ್ನದರಲ್ಲಿ ಆ ಏರ್ಪಾಡು 'ಮುಂದಿನ ಅಪ್‌ಡೇಟ್‌ನಲ್ಲಿ' ಬರಬೇಕಿತ್ತು!

ಕೊನೆಗೆ ಒಬ್ಬ ಗೆಳೆಯ ಮಲ್ಟಿಮೀಟರ್ ತಂದ. 12 ವೋಲ್ಟ್‌ನ ಮೈನಸ್ ತಂತಿ ಬಿಚ್ಚಿ, ಮೀಟರನ್ನು ಮಧ್ಯೆ ಸೇರಿಸಿ, ಕಾರು ಲಾಕ್ ಮಾಡಿ ಅರ್ಧ ಗಂಟೆ ಕಾದೆವು. ಗಾಡಿ ನಿದ್ದೆ ಹೋಗಬೇಕಲ್ಲ. ಆಮೇಲೂ 180 ಮಿಲಿಆಂಪ್ ಹರೀತಾನೇ ಇತ್ತು. ನನ್ನ ಬ್ಯಾಟರಿ 40 ಆಂಪ್‌ಅವರ್. ಭಾಗಿಸಿದರೆ ಸುಮಾರು 222 ಗಂಟೆ, ಅಂದರೆ ಒಂಬತ್ತು ದಿನ. ನಾನು ಹೋಗಿದ್ದು ಹತ್ತು ದಿನ. ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿದೆವು. ಸಿಮ್ ಇರುವ ಡಬ್ಬಿಯ ಫ್ಯೂಸ್ ತೆಗೆದ ತಕ್ಷಣ 20ಕ್ಕೆ ಇಳೀತು.

ಎಂಟು ವರ್ಷ ಗ್ಯಾರಂಟಿ: ಇಷ್ಟೊಂದು ಹೆದರಬೇಕಾ? ಬ್ಯಾಟರಿಗೆ ಎಂಟು ವರ್ಷ ವಾರಂಟಿ ಇರುತ್ತೆ. ಸೆಲ್, ಬ್ರೇಕ್, ಮೋಟರ್ ಯಾವುದನ್ನೂ ಇವರು ಮಾಡಲ್ಲ, ಎಲ್ಲಾ ದೊಡ್ಡ ಸಪ್ಲೈಯರ್‌ಗಳಿಂದ ಬರುತ್ತೆ. ಕಂಪನಿ ಹೋದರೆ ಅವರಿಂದಲೇ ತರಿಸಿಕೊಂಡರಾಯ್ತು.

ವೈರು ಬಿಡಿಸುವವ: ಅರ್ಧ ಸರಿ ಸರ್. ನಾನು ಇವಿ ರಿಪೇರಿ ಮಾಡ್ತೀನಿ, ದಿನಾ ನೋಡೋದು ಇದನ್ನೇ.

ಸೆಲ್ ಕಂಪನಿ ವಾರಂಟಿ ಕೊಟ್ಟಿರೋದು ಕಾರು ಕಂಪನಿಗೆ, ನಿಮಗಲ್ಲ. ನಿಮ್ಮ ಕೈಯಲ್ಲಿರೋದು ಕಾರು ಕಂಪನಿಯ ಮಾತು. ಅದು ದಿವಾಳಿಯಾದರೆ ನೀವು ಸಾಲ ಕೊಟ್ಟವರ ಸಾಲಿನ ಕೊನೆಯಲ್ಲಿ ನಿಲ್ತೀರಿ.

ಬಿಡಿಭಾಗ ಸಿಗುತ್ತೆ, ನಿಜ. ಆದರೆ ಅದು ನಿಮ್ಮ ಕಾರಿನ ಜೊತೆ ಮಾತಾಡಲ್ಲ. ಹೋದ ವರ್ಷ ಒಂದು ಗಾಡಿ ಬಂತು. ಬ್ಯಾಟರಿ ನೋಡಿಕೊಳ್ಳುವ ಬೋರ್ಡ್ ಸುಟ್ಟಿತ್ತು. ಅದೇ ಮಾಡೆಲ್‌ನ ಅಪಘಾತದ ಗಾಡಿಯಿಂದ ಬೋರ್ಡ್ ತಂದು ಕೂರಿಸಿದೆ. ಸೆಲ್‌ಗಳ ವೋಲ್ಟೇಜ್ ಎಲ್ಲಾ ಸರಿಯಾಗಿ ಓದಿತು. ಆದರೆ ದೊಡ್ಡ ಬ್ಯಾಟರಿಯನ್ನು ಗಾಡಿಗೆ ಜೋಡಿಸುವ ರಿಲೇ ಆನ್ ಆಗಲಿಲ್ಲ. 'ಟಕ್' ಅನ್ನೋ ಆ ಸದ್ದಿಗೆ ಕಾಯ್ತಾ ಕೂತೆ, ಬರಲೇ ಇಲ್ಲ. ಬೋರ್ಡಿನೊಳಗೆ ಹಳೆ ಗಾಡಿಯ ನಂಬರ್ ಇತ್ತು. ಹೊಸ ನಂಬರ್ ಬರೆಯೋಕೆ ಕಂಪನಿಯ ಲ್ಯಾಪ್‌ಟಾಪ್ ಬೇಕು, ಆ ಲ್ಯಾಪ್‌ಟಾಪ್ ಸರ್ವರ್‌ಗೆ ಲಾಗಿನ್ ಆಗಬೇಕು, ಸರ್ವರ್ ಸತ್ತಿತ್ತು. ಆ ಗಾಡಿ ಇನ್ನೂ ನನ್ನ ಶೆಡ್ಡಲ್ಲೇ ಇದೆ.

ಖಾಲಿ ರಸ್ತೆ ಅವರೇ, ನಿಮ್ಮದೂ ಅದೇ ಜಾತಿ. ಕಂಪನಿ ಸಿಮ್ ಬಿಲ್ ಕಟ್ಟೋದು ನಿಲ್ಲಿಸಿದ ಮೇಲೆ ಆ ಡಬ್ಬಿ ನೆಟ್‌ವರ್ಕ್ ಹುಡುಕ್ತಾ ಕೂತಿದೆ. ಉತ್ತರ ಬರದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ನಿದ್ದೆ ಮಾಡು ಅಂತ ಬರೆಯೋದನ್ನ ಯಾರೋ ಮರೆತಿದ್ದಾರೆ. ಫ್ಯೂಸ್ ಕಿತ್ತಿದ್ದು ಸರಿ, ಆದರೆ ತುರ್ತು ಕರೆಯ ಬಟನ್ ಕೂಡ ಅದೇ ಡಬ್ಬಿಯಲ್ಲಿದ್ದರೆ ಅದೂ ಹೋಗಿರುತ್ತೆ. ನೋಡಿಕೊಳ್ಳಿ.

ಖಾಲಿ ರಸ್ತೆ: ಅಯ್ಯೋ, ಅದು ಹೊಳೆದೇ ಇರಲಿಲ್ಲ. ಈಗಲೇ ನೋಡ್ತೀನಿ.

ಸೈಕಲ್ ಸವಾರಿ: ನನ್ನದು ಎಲೆಕ್ಟ್ರಿಕ್ ಸೈಕಲ್, ಎರಡು ವರ್ಷ ಆಯ್ತು. ಚಳಿಗಾಲದಲ್ಲಿ ರೇಂಜ್ ತುಂಬಾ ಕಡಿಮೆ ಆಗುತ್ತೆ, ಕೊಳ್ಳುವಾಗ ಅದನ್ನೂ ನೋಡಿ.

ನಿಧಾನವೇ ಪ್ರಧಾನ: ಅವರು ಕೇಳಿದ್ದು ರೇಂಜ್ ಬಗ್ಗೆ ಅಲ್ಲ ಅಲ್ವಾ? ಆದರೆ ಸೈಕಲ್ ಅಂದಿದ್ದಕ್ಕೆ ನೆನಪಾಯ್ತು. 2023ರ ಜುಲೈನಲ್ಲಿ ಎಲೆಕ್ಟ್ರಿಕ್ ಸೈಕಲ್ ಕಂಪನಿ ವ್ಯಾನ್‌ಮೂಫ್ ದಿವಾಳಿ ಆದಾಗ, ಬೀಗದ ಡಿಜಿಟಲ್ ಕೀ ಕಂಪನಿ ಸರ್ವರ್‌ನಲ್ಲಿತ್ತು. ಅದು ಆರುವ ಮೊದಲೇ ಸವಾರರು ಕೀ ಇಳಿಸಿಕೊಳ್ಳಲಿ ಅಂತ ಪ್ರತಿಸ್ಪರ್ಧಿ ಕಂಪನಿ ಕೌಬಾಯ್ ಒಂದು ಆ್ಯಪ್ ಮಾಡಿಕೊಟ್ಟಿತು.

ಕಾರಿನ ಕಥೆ ಬೇಕಾದರೆ ಫಿಸ್ಕರ್ ನೋಡಿ. 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಉಳಿದಿದ್ದ ಸುಮಾರು 3,300 ಕಾರುಗಳನ್ನು ಒಂದು ಲೀಸಿಂಗ್ ಕಂಪನಿ ಒಟ್ಟಿಗೆ ಕೊಳ್ಳಲು ಒಪ್ಪಿತ್ತು. ಆಮೇಲೆ ಕಾರುಗಳ ಮಾಹಿತಿಯನ್ನು ಫಿಸ್ಕರ್ ಸರ್ವರ್‌ನಿಂದ ಬೇರೆಯವರ ಸರ್ವರ್‌ಗೆ ಸಾಗಿಸೋಕೆ ಆಗಲ್ಲ ಅಂತ ಗೊತ್ತಾಗಿ ಕೋರ್ಟಿಗೆ ಹೋಯಿತು. ಸಾವಿರಗಟ್ಟಲೆ ಕಾರು ಕೊಳ್ಳುವವರಿಗೇ ಈ ಪಾಡು. ಮಾಲೀಕರು ಸಂಘ ಕಟ್ಟಿಕೊಂಡು ಬಿಡಿಭಾಗ, ಸಾಫ್ಟ್‌ವೇರ್ ಹುಡುಕಾಟಕ್ಕೆ ತಾವೇ ಇಳಿದರು.

ಕೇಳಿದವರು: ಕೊಳ್ಳುವ ಮೊದಲೇ ಇದನ್ನ ಕಂಡುಹಿಡಿಯೋಕೆ ದಾರಿ ಇದೆಯಾ?

ವೈರು ಬಿಡಿಸುವವ: ಇದೆ, ಪೂರ್ತಿ ಅಲ್ಲ. ಇನ್ನೊಂದು ಸಲ ಟೆಸ್ಟ್ ಡ್ರೈವ್ ಕೇಳಿ. ಸಿಗ್ನಲ್ ಸಿಗದ ನೆಲಮಾಳಿಗೆಗೆ ಕಾರು ಇಳಿಸಿ. ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕಿ, ಆ್ಯಪ್‌ನಿಂದ ಲಾಗ್‌ಔಟ್ ಆಗಿ. ಕಾರು ಲಾಕ್ ಮಾಡಿ ಒಂದು ಗಂಟೆ ಬಿಡಿ. ಸುಮ್ನೆ ಐದು ನಿಮಿಷ ಬಿಟ್ಟರೆ ಏನೂ ಗೊತ್ತಾಗಲ್ಲ, ಹಳೆ ಅನುಮತಿ ನೆನಪಲ್ಲಿರುತ್ತೆ. ಆಮೇಲೆ ಬರೀ ಕೀ ಅಥವಾ ಕಾರ್ಡ್‌ನಿಂದ ತೆಗೆಯಿರಿ, ಓಡಿಸಿ, ಅಲ್ಲೇ ಪ್ಲಗ್ ಇದ್ದರೆ ಚಾರ್ಜ್‌ಗೂ ಹಾಕಿ. 80%ಕ್ಕೆ ನಿಲ್ಲಿಸು ಅನ್ನೋ ಮಿತಿ ಕಾರಿನ ಪರದೆಯಲ್ಲೇ ಬದಲಿಸೋಕೆ ಬರುತ್ತಾ ನೋಡಿ.

ಆಮೇಲೆ ಶೋರೂಮ್ ಬಿಟ್ಟು ವರ್ಕ್‌ಶಾಪ್‌ಗೆ ಹೋಗಿ. ಮೆಕ್ಯಾನಿಕ್‌ಗೆ ಒಂದೇ ಮಾತು ಕೇಳಿ: 'ಬ್ಯಾಟರಿ ಬೋರ್ಡ್ ಬದಲಿಸಿದರೆ ಇಂಟರ್‌ನೆಟ್ ಇಲ್ಲದೆ ಗಾಡಿ ಸ್ಟಾರ್ಟ್ ಮಾಡ್ತೀರಾ?' ಅವನ ಮುಖ ನೋಡಿದರೆ ಅರ್ಧ ಉತ್ತರ ಸಿಗುತ್ತೆ.

ಎಂಟು ವರ್ಷ ಗ್ಯಾರಂಟಿ: ಹಾಗಾದರೆ ಕೊಳ್ಳದೆ ಲೀಸ್‌ಗೆ ತಗೊಂಡರೆ? ಗಾಡಿ ಕೆಟ್ಟರೆ ಅವರ ತಲೆನೋವು.

ನಿಧಾನವೇ ಪ್ರಧಾನ: ಕರಾರು ಓದಿ ಆಮೇಲೆ ಹೇಳಿ. ಗಾಡಿ ನಿಂತರೂ ಬಾಡಿಗೆ ನಿಲ್ಲಲ್ಲ ಅಂತ ಬರೆದಿರೋ ಕರಾರು ನಾನು ನೋಡಿದೀನಿ.

ವೈರು ಬಿಡಿಸುವವ: ಲೀಸ್ ವಿಷಯದಲ್ಲಿ ನಾನು ಎಂಟು ವರ್ಷದವರ ಕಡೆ. ಮೂರು ವರ್ಷದ ಕರಾರಲ್ಲಿ ಗಾಡಿಯ ಬೆಲೆ ಬಿದ್ದರೆ ನಷ್ಟ ನಿಮ್ಮದಲ್ಲ.

ಕೇಳಿದವರು: ಇವತ್ತು ಮಾಡಿ ನೋಡಿದೆ. ನೆಲಮಾಳಿಗೆಯಲ್ಲಿ ಒಂದೂಕಾಲು ಗಂಟೆ ಬಿಟ್ಟೆ. ಕಾರ್ಡ್‌ನಿಂದ ಬಾಗಿಲು ತೆಗೀತು, ಕಾರು ಓಡಿತು, ಚಾರ್ಜೂ ಹಿಡಿಯಿತು. ಚಾರ್ಜ್ ಮಿತಿ ಮಾತ್ರ ಆ್ಯಪ್‌ನಲ್ಲೇ, ಪರದೆಯಲ್ಲಿ ಇಲ್ಲ. ವರ್ಕ್‌ಶಾಪ್‌ನವರು ಬೋರ್ಡ್ ಪ್ರಶ್ನೆಗೆ 'ಇಲ್ಲಿತನಕ ಬದಲಿಸೋ ಸಂದರ್ಭ ಬಂದಿಲ್ಲ, ಮೇಲಿನವರನ್ನ ಕೇಳಿ ಹೇಳ್ತೀನಿ' ಅಂದರು. ಫೋನ್ ನಂಬರ್ ಕೊಟ್ಟು ಬಂದಿದೀನಿ. ಬುಕಿಂಗ್ ಇನ್ನೂ ಮಾಡಿಲ್ಲ.