ಅಪ್‌ಡೇಟ್: ಕ್ಯಾರಿಯೋಟೈಪ್ ನಾರ್ಮಲ್, ಫಿಶ್‌ನಲ್ಲಿ t(4;14)

ನಾನು ಕೇಳಿದ್ದು: "ಅಪ್ಪಂಗೆ ಮಲ್ಟಿಪಲ್ ಮೈಲೋಮಾ. ಬೋನ್ ಮ್ಯಾರೋ ಕ್ಯಾರಿಯೋಟೈಪ್ ನಾರ್ಮಲ್ ಅಂತಿದೆ, ಫಿಶ್ ರಿಪೋರ್ಟಲ್ಲಿ t(4;14) ಇದೆ. ಯಾವ್ದನ್ನ ನಂಬೋದು?"

ಹೆಮಟಾಲಜಿಸ್ಟ್ ಹತ್ರ ಮಾತಾಡಿದ್ವಿ, ನಂಬಬೇಕಾಗಿರೋದು ಫಿಶ್ ರಿಪೋರ್ಟನ್ನೇ. ಕ್ಯಾರಿಯೋಟೈಪ್ ಅಂದ್ರೆ ಮೈಕ್ರೋಸ್ಕೋಪಲ್ಲಿ ಕ್ರೋಮೋಸೋಮ್‌ಗಳನ್ನ ನೋಡೋದು, ಅದಕ್ಕೆ ಡಿವೈಡ್ ಆಗ್ತಿರೋ ಸೆಲ್ ಬೇಕು, ಮೈಲೋಮಾದಲ್ಲಿ ಕ್ಯಾನ್ಸರ್ ಆಗಿರೋ ಪ್ಲಾಸ್ಮಾ ಸೆಲ್‌ಗಳು ಲ್ಯಾಬಲ್ಲಿ ಡಿವೈಡ್ ಆಗೋದೇ ಕಮ್ಮಿ, ಹಾಗಾಗಿ ಎಣಿಸಿದ 20 ಸೆಲ್‌ಗಳು ಬಹುಶಃ ಮ್ಯಾರೋದ ಒಳ್ಳೆ ಸೆಲ್‌ಗಳೇ ಇರ್ಬೇಕು ಅಂದ್ರು. ಅದೂ ಅಲ್ದೆ t(4;14) ಅಂದ್ರೆ 4 ಮತ್ತು 14ನೇ ಕ್ರೋಮೋಸೋಮ್‌ಗಳ ತುಂಡು ಅದಲುಬದಲು ಆಗೋದು, ಆ ತುಂಡು ತುದೀಲಿರೋದ್ರಿಂದ ಮೈಕ್ರೋಸ್ಕೋಪಲ್ಲಿ ಗೊತ್ತೇ ಆಗಲ್ವಂತೆ. ಫಿಶ್ ಅಂದ್ರೆ ಹೊಳೆಯೋ ಪ್ರೋಬ್ ಹಾಕಿ ಇಂಥ ಬದಲಾವಣೆ ಹುಡುಕೋ ಟೆಸ್ಟ್, ಅದಕ್ಕೆ ಸೆಲ್ ಡಿವೈಡ್ ಆಗ್ಬೇಕಿಲ್ಲ, ಆದ್ರೆ ಹಾಕಿದ ಪ್ರೋಬ್ ಏನು ಹುಡುಕುತ್ತೋ ಅಷ್ಟೇ ಕಾಣೋದು. ನಮ್ ಲ್ಯಾಬ್ ಮೊದ್ಲು ಸಿಡಿ138 ಅನ್ನೋ ಗುರುತಿಂದ ಪ್ಲಾಸ್ಮಾ ಸೆಲ್ ಬೇರೆ ಮಾಡ್ಕೊಂಡು ಆಮೇಲೆ ಫಿಶ್ ಮಾಡಿದೆ, ಇದನ್ನ ರಿಪೋರ್ಟಲ್ಲಿ ನೀವೂ ನೋಡ್ಕೊಳಿ, ಹಾಗೆ ಮಾಡ್ದೆ ನೆಗೆಟಿವ್ ಬಂದ್ರೆ ಅದಕ್ಕೆ ಅಷ್ಟು ಬೆಲೆ ಇಲ್ಲ.

ಸ್ಟೇಜ್ ವಿಷ್ಯ: ಬೀಟಾ-2 ಮೈಕ್ರೋಗ್ಲೋಬ್ಯುಲಿನ್ 4.1, ಅಂದ್ರೆ ಮೈಲೋಮಾ ಸ್ಟೇಜ್ ಹೇಳೋ ಐಎಸ್ಎಸ್ ಲೆಕ್ಕದಲ್ಲಿ 2. t(4;14) ಹೈ ರಿಸ್ಕ್ ಆದ್ರೂ ಫಿಶ್ ರಿಸಲ್ಟನ್ನೂ ಸೇರಿಸಿ ನೋಡೋ ಆರ್-ಐಎಸ್ಎಸ್ ಕೂಡ 2ರಲ್ಲೇ ನಿಲ್ಲುತ್ತೆ, 3 ಆಗ್ಬೇಕಂದ್ರೆ ಐಎಸ್ಎಸ್ಸೇ 3 ಇರ್ಬೇಕಿತ್ತು. 17ನೇ ಕ್ರೋಮೋಸೋಮ್‌ನ ತುಂಡು ಕಳೆದುಹೋಗೋ 17p ಡಿಲೀಷನ್ ಇಲ್ಲ, ಸದ್ಯ.

ಟ್ರೀಟ್‌ಮೆಂಟ್ ಶುರುವಾಗಿದೆ, ಬೋರ್ಟೆಜೊಮಿಬ್, ಲೆನಾಲಿಡೊಮೈಡ್, ಡೆಕ್ಸಾ, ಆಮೇಲೆ ಟ್ರಾನ್ಸ್‌ಪ್ಲಾಂಟ್. ಫಿಶ್‌ನಿಂದ ಬದಲಾಗಿದ್ದು ಅದರ ನಂತರದ್ದು, ಬರೀ ಲೆನಾಲಿಡೊಮೈಡ್ ಮಾತ್ರೆ ಸಾಲಲ್ಲ, ಬೋರ್ಟೆಜೊಮಿಬ್ ಇಂಜೆಕ್ಷನ್ನೂ ಮುಂದುವರಿಯುತ್ತೆ. ಕಾಯಿಲೆ ವಾಪಸ್ ಬಂದ್ರೆ ಫಿಶ್ ಮತ್ತೆ ಮಾಡಿಸ್ಬೇಕಂತೆ, ಆಗ 17p ಹೊಸ್ದಾಗಿ ಕಾಣಿಸ್ಕೋಬಹುದು.