ಬಾಗಿಲ ಬಳಿಯ ಜನ ಮಾತ್ರ ಅಳಿಯುತ್ತಿಲ್ಲ

ಪ್ರಶ್ನೆ: ಟ್ರೈಪಾಡ್ ಮೇಲಿಟ್ಟು ಒಂದು ಸ್ಮಾರಕದ 15 ಚಿತ್ರ ತೆಗೆದೆ, ಐದು ಸೆಕೆಂಡಿಗೊಂದರಂತೆ. ಫೋಟೋಶಾಪ್‌ನಲ್ಲಿ ಮೀಡಿಯನ್ ಮಾಡಿದಾಗ ಅಂಗಳದ ಪ್ರವಾಸಿಗರೆಲ್ಲ ಮಾಯವಾದರು. ಬಾಗಿಲ ಬಳಿ ಮಾತ್ರ ತಲೆ, ತೋಳುಗಳ ಚೂರುಗಳು ಉಳಿದಿವೆ. ಇನ್ನೆಷ್ಟು ಚಿತ್ರ ಬೇಕು?

ಒಬ್ಬ ಸದಸ್ಯರು: ಮೂವತ್ತು ತೆಗೆಯಿರಿ. ಚಿತ್ರ ಹೆಚ್ಚಿದಷ್ಟೂ ಜನ ಕರಗುತ್ತಾರೆ.

ವೃತ್ತಿಪರ ಛಾಯಾಗ್ರಾಹಕಿ: ಅಂಗಳಕ್ಕೆ ಆ ಮಾತು ಸರಿ, ಬಾಗಿಲಿಗೆ ಅಲ್ಲ. ಮೀಡಿಯನ್ ಪ್ರತಿಯೊಂದು ಪಿಕ್ಸೆಲ್‌ನ 15 ಬೆಲೆಗಳನ್ನು ಕಪ್ಪಿನಿಂದ ಬಿಳುಪಿನವರೆಗೆ ಸಾಲಾಗಿ ನಿಲ್ಲಿಸಿ ಎಂಟನೆಯದನ್ನು ಆರಿಸುತ್ತದೆ. ಎಂಟು ಚಿತ್ರಗಳಲ್ಲಿ ಕಲ್ಲು ಕಂಡಿದ್ದರೆ ಕಲ್ಲೇ ಉಳಿಯುತ್ತದೆ. ಆರರಲ್ಲಿ ಮಾತ್ರ ಕಂಡು, ಉಳಿದ ಒಂಬತ್ತರಲ್ಲೂ ಕಡುಬಣ್ಣದ ಬಟ್ಟೆಯವರು ಅಡ್ಡ ಬಂದಿದ್ದರೆ ಎಂಟನೆಯ ಬೆಲೆ ಬಟ್ಟೆಯದೇ. ಅದೇ ಒಂಬತ್ತರಲ್ಲಿ ಐವರದು ಕಪ್ಪು, ನಾಲ್ವರದು ಬಿಳಿ ಬಟ್ಟೆಯಾಗಿದ್ದರೆ ಕಲ್ಲು ನಡುವೆ ಸಿಕ್ಕಿ ಉಳಿದುಕೊಳ್ಳುತ್ತದೆ. ನಿಮಗೆ ಇಡೀ ಮನುಷ್ಯರ ಬದಲು ಚೂರುಗಳು ಕಾಣುತ್ತಿರುವುದು ಹೀಗಾಗಿಯೇ.

ಅರ್ಧಕ್ಕಿಂತ ಹೆಚ್ಚು ಹೊತ್ತು ಜನ ತುಂಬಿರುವ ಜಾಗದಲ್ಲಿ ಮೂವತ್ತಲ್ಲ, ನೂರು ತೆಗೆದರೂ ಜನ ಅಳಿಯುವ ಭರವಸೆಯಿಲ್ಲ. ನಿಮ್ಮ ಇಡೀ ಸರಣಿ ಮುಗಿದದ್ದು 70 ಸೆಕೆಂಡುಗಳಲ್ಲಿ. ಬಾಗಿಲಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವವರೊಬ್ಬರೇ ಅಷ್ಟು ಹೊತ್ತು ನಿಲ್ಲಬಲ್ಲರು. ಮುಂದಿನ ಸಲ ಅರ್ಧ ನಿಮಿಷಕ್ಕೊಂದು ತೆಗೆಯಿರಿ. ಏಳು ನಿಮಿಷದಲ್ಲಿ ಸೂರ್ಯ ಸರಿಯುವುದು ಎರಡು ಡಿಗ್ರಿಗಿಂತ ಕಡಿಮೆ, ನೆರಳಿನ ಅಂಚು ಅಷ್ಟೇನೂ ಕೆಡುವುದಿಲ್ಲ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಮೂರನ್ನೂ ಮ್ಯಾನುಯಲ್‌ನಲ್ಲಿ ಕಟ್ಟಿಹಾಕಿ.

ಈಗಿರುವ ಚಿತ್ರಗಳನ್ನೂ ಉಳಿಸಬಹುದು. ಬಾಗಿಲು ಪೂರ್ತಿ ಖಾಲಿಯಿರುವ ಚಿತ್ರವನ್ನು ಹುಡುಕಬೇಡಿ, ಒಂದೊಂದು ಮೆಟ್ಟಿಲು ಖಾಲಿಯಿರುವುದನ್ನು ಹುಡುಕಿ. ಅದನ್ನು ಮೀಡಿಯನ್ ಫಲಿತಾಂಶದ ಮೇಲೆ ಲೇಯರ್ ಆಗಿ ಇಟ್ಟು, ಕಪ್ಪು ಮಾಸ್ಕ್ ಹಾಕಿ, ಆ ಮೆಟ್ಟಿಲಿನಷ್ಟಕ್ಕೆ ಬಿಳಿ ಬ್ರಷ್ ಆಡಿಸಿ. ನೆಲದಲ್ಲಿ ಅವರ ನೆರಳು ಉಳಿದಿದೆಯೇ ಎಂದೂ ನೋಡಿ. ಆಳು ಹೋಗಿ ನೆರಳು ಉಳಿದ ಚಿತ್ರಗಳು ಬಹಳ.

ಮತ್ತೊಬ್ಬರು: ನಾನು ಮೊಬೈಲನ್ನು ಕೈಯಲ್ಲೇ ಹಿಡಿದು ತೆಗೆದೆ. ಜನ ಹೋದರು, ಆದರೆ ಹತ್ತಿರದ ಕಂಬದ ಕೆತ್ತನೆ ಮಸುಕಾಯಿತು. ಆಟೋ ಅಲೈನ್ ಮಾಡಿದ್ದೆ.

ಛಾಯಾಗ್ರಾಹಕಿ: ನೀವು ಒಂದು ಗೇಣು ಪಕ್ಕಕ್ಕೆ ಸರಿದರೂ ಹತ್ತಿರದ ಕಂಬ ಹಿಂದಿನ ಗೋಡೆಯ ಮೇಲೆ ಬೇರೆ ಜಾಗದಲ್ಲಿ ಕಾಣುತ್ತದೆ. ಗೋಡೆಗೆ ಹೊಂದಿಸಿದರೆ ಕಂಬ ತಪ್ಪುತ್ತದೆ, ಕಂಬಕ್ಕೆ ಹೊಂದಿಸಿದರೆ ಗೋಡೆ. ಮೊಬೈಲನ್ನು ಕಟ್ಟೆಯ ಮೇಲಾದರೂ ಒರಗಿಸಿಡಿ.

ಪ್ರಶ್ನೆ ಕೇಳಿದವರು: ಮೇಡಂ, ಎಡ ಮೆಟ್ಟಿಲು ನಾಲ್ಕನೆಯ ಚಿತ್ರದಲ್ಲಿ ಖಾಲಿಯಿದೆ, ಸರಿಹೋಯಿತು. ಬಲಗಂಬಕ್ಕೆ ಒರಗಿ ಕುಳಿತವರು ಮಾತ್ರ ಹದಿನೈದರಲ್ಲೂ ಇದ್ದಾರೆ.

ಮೊದಲ ಸದಸ್ಯರು: ಎಡಗಂಬದ ಬುಡವನ್ನು ನಕಲು ಮಾಡಿ, ತಿರುಗಿಸಿ ಅಂಟಿಸಿ.

ಛಾಯಾಗ್ರಾಹಕಿ: ನಾನು ಒಪ್ಪುವುದಿಲ್ಲ. ಎರಡು ಕಂಬಗಳ ಕೆತ್ತನೆ ಒಂದೇ ಎಂದು ಯಾರು ಹೇಳಿದರು? ಬೆಳಕು ಬೀಳುವ ದಿಕ್ಕೂ ತಿರುಗಿಬಿಡುತ್ತದೆ. ಅವರ ಹಿಂದಿನ ಕಲ್ಲನ್ನು ನಿಮ್ಮ ಕ್ಯಾಮೆರಾ ಒಮ್ಮೆಯೂ ನೋಡಿಲ್ಲ. ನಾನಾಗಿದ್ದರೆ ಅವರನ್ನು ಅಲ್ಲೇ ಕೂರಲು ಬಿಡುತ್ತಿದ್ದೆ.

ಮೊದಲ ಸದಸ್ಯರು: ಗೋಡೆಗೆ ತೂಗುಹಾಕುವ ಚಿತ್ರವಾದರೆ ಅಂಟಿಸುವುದರಲ್ಲಿ ತಪ್ಪಿಲ್ಲ ಎಂದು ಈಗಲೂ ಹೇಳುತ್ತೇನೆ.