ಅಪ್‌ಡೇಟ್: ತಾಯಂದಿರ ಕಾರ್ಯಕ್ರಮದ ಹಾಡುಗಳು

ನನ್ನ ಪ್ರಶ್ನೆ: "ಪುಣೆಯಲ್ಲಿ ನಮ್ಮ ಕನ್ನಡ ಮಕ್ಕಳು ತಾಯಂದಿರ ಎದುರು ಹಾಡಬೇಕು. ಮಕ್ಕಳಿಗೆ ಕನ್ನಡ ಓದಲು ಬರಲ್ಲ. ಯಾವ ಹಾಡು ಕಲಿಸಲಿ?"

ಕಾರ್ಯಕ್ರಮ ಚೆನ್ನಾಗಾಯ್ತು. ಕೈಹಿಡಿದದ್ದು ಜನಪದ ತ್ರಿಪದಿಗಳನ್ನು ಹಾಡಿಸಿ ಅಂದವರ ಸಲಹೆ. ಮೂರೇ ಸಾಲು, ಒಬ್ಬಳು ದೊಡ್ಡ ಹುಡುಗಿ ಒಂದೊಂದು ಸಾಲು ಹಾಡಿದಳು, ಉಳಿದವರು ಅದನ್ನೇ ಮತ್ತೆ ಹಾಡಿದರು. ಹಾಗಾಗಿ ಚಿಕ್ಕವರಿಗೆ ಬಾಯಿಪಾಠದ ಭಯವೇ ಇರಲಿಲ್ಲ. ತಾಯಿ, ತವರಿನ ತ್ರಿಪದಿಗಳನ್ನೇ ಆರಿಸಿ ಪೋಣಿಸಿದೆವು.

ಸಿನಿಮಾ ಹಾಡಿನ ಕರೋಕೆ ನಮಗೆ ಆಗಲಿಲ್ಲ. ಗಂಡು ದನಿಯ ಶ್ರುತಿಗೆ ಕೆಳಗಿನ ಸ್ವರಗಳಲ್ಲಿ ಮಕ್ಕಳ ದನಿ ಕೇಳಿಸುವುದೇ ಇಲ್ಲ, ಒಂದು ಸ್ಥಾಯಿ ಮೇಲಕ್ಕೆ ಹೋದರೆ ಕಿರುಚಾಟ. ಹಾರ್ಮೋನಿಯಂ ಇಟ್ಟುಕೊಂಡು ಅವರ ದನಿಗೆ ಹೊಂದುವ ಶ್ರುತಿ ಹಿಡಿದೆವು.

ಸಾಹಿತ್ಯವನ್ನು ದೇವನಾಗರಿಯಲ್ಲಿ ಬರೆದುಕೊಡಿ ಅಂದಿದ್ದಿರಿ. ಮರಾಠಿಯಲ್ಲೂ ಳಕಾರ ಇರುವುದರಿಂದ ಅದು ಸಲೀಸು. ಆದರೆ ಹ್ರಸ್ವ ಎ, ಒ ಬರೆಯಲು ಅಲ್ಲಿ ಬೇರೆ ಅಕ್ಷರ ಇಲ್ಲ, ಮಕ್ಕಳು ಎಲ್ಲವನ್ನೂ ಎಳೆದರು. ಹ್ರಸ್ವ ಇರುವಲ್ಲೆಲ್ಲ ಕೆಂಪು ಚುಕ್ಕೆ ಇಟ್ಟಮೇಲೆ ಸರಿಹೋಯ್ತು.

ನನಗೆ ಅಚ್ಚರಿಯಾದದ್ದು, ಹೆಸರುವಾಸಿ ಹಾಡುಗಳ ಅರ್ಥ. ಬಿ.ಆರ್. ಲಕ್ಷ್ಮಣರಾವ್ ಅವರ 'ಅಮ್ಮ ನಿನ್ನ ಎದೆಯಾಳದಲ್ಲಿ' ತಾಯಿಯ ಹಿಡಿತದಿಂದ ಬಿಡಿಸಿಕೊಳ್ಳಲು ಮಿಡುಕುವ ಮಗುವಿನ ಹಾಡು. ಮರಾಠಿ ಅತಿಥಿಗಳಿಗಾಗಿ ಸೂಚಿಸಿದ್ದ ಮಾಧವ ಜೂಲಿಯನ್ ಅವರ 'ಪ್ರೇಮಸ್ವರೂಪ ಆಯಿ' ಅಗಲಿದ ತಾಯಿಗಾಗಿ ಹಂಬಲಿಸುವ ಹಾಡು. ಎರಡೂ ನನಗೆ ಬಹಳ ಇಷ್ಟ. ಮೊದಲನೆಯದನ್ನು ದೊಡ್ಡವರೊಬ್ಬರು ಒಂಟಿಯಾಗಿ ಹಾಡಿದರು. ಎರಡನೆಯದನ್ನು ಬಿಟ್ಟೆವು, ಎದುರು ಕೂತ ಅಮ್ಮಂದಿರ ಮುಂದೆ ಅವರವರ ಮಕ್ಕಳಿಂದ ಅದನ್ನು ಹಾಡಿಸಲು ನಮಗೆ ಮನಸ್ಸಾಗಲಿಲ್ಲ.